ಹೇಳಿಕೊಂಡರೆ ಚಿಂತೆ ಕರಗುವುದು ಯಾವಾಗ?

ಮನೆಯಿಂದ ದೂರ ಹಾಸ್ಟೆಲಿನಲ್ಲಿರುವ ಹುಡುಗನೋ ಹುಡುಗಿಯೋ ಕೆಲವು ದಿನ ಚಿಂತೆಯನ್ನು ಒಳಗೇ ಇಟ್ಟುಕೊಂಡು ಒದ್ದಾಡುವುದು, ಕೊನೆಗೊಂದು ರಾತ್ರಿ ತಡೆಯಲಾರದೆ ಮನೆಗೆ ಫೋನು ಮಾಡುವುದು, ಎಲ್ಲವನ್ನೂ ಹೇಳಿಕೊಳ್ಳುತ್ತಿದ್ದಂತೆ ಎದೆಯ ಭಾರ ಇಳಿದುಹೋಗುವುದು: ಈ ಸಣ್ಣಕಥೆ ಬೇರೆ ಬೇರೆ ಹೆಸರುಗಳಲ್ಲಿ ನಮ್ಮೆಲ್ಲರ ಕಣ್ಣಿಗೆ ಬಿದ್ದಿದೆ. ಹಳೆಯ ಕಥೆಗಳಲ್ಲಿ ಫೋನಿನ ಜಾಗದಲ್ಲಿ ನೀಲಿ ಇನ್‌ಲ್ಯಾಂಡ್ ಪತ್ರವಿರುತ್ತಿತ್ತು, ಆಮೇಲೆ ಎಸ್‌ಟಿಡಿ ಬೂತು ಬಂತು, ಈಗ ಮೊಬೈಲು. ಕಥೆಯ ತಿರುಳು ಮಾತ್ರ ಬದಲಾಗಿಲ್ಲ. ಹಂಚಿಕೊಂಡರೆ ದುಃಖ ಅರ್ಧವಾಗುತ್ತದೆ ಎಂದು ಅದು ಹೇಳುತ್ತದೆ, ನಾವೂ ತಲೆದೂಗುತ್ತೇವೆ. ಆದರೆ ಇದು ನಿಜವೇ, ನಿಜವಾದರೆ ಎಷ್ಟರ ಮಟ್ಟಿಗೆ ನಿಜ, ಹಗುರವಾಗುವುದು ಯಾವುದರಿಂದ ಎಂಬುದನ್ನು ಮನಶ್ಶಾಸ್ತ್ರಜ್ಞರು ಕಳೆದ ನಾಲ್ಕು ದಶಕಗಳಲ್ಲಿ ಸಾಕಷ್ಟು ಶ್ರಮಪಟ್ಟು ಪರೀಕ್ಷಿಸಿದ್ದಾರೆ. ಅವರ ಕೆಲಸವನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಕಾಣುವುದು ಇಷ್ಟು: ಕಥೆಯ ಕೊನೆ ಸರಿಯಾಗಿಯೇ ಇದೆ, ಅದು ಕೊಡುವ ಕಾರಣ ತಪ್ಪು. ಹೇಳಿದ್ದರಿಂದಲೇ ಚಿಂತೆ ಇಳಿಯುವುದಿಲ್ಲ. ಕೇಳಿಸಿಕೊಂಡವರು ಏನು ಮಾಡಿದರು ಎಂಬುದರಿಂದ ಇಳಿಯುತ್ತದೆ, ಅಥವಾ ಇಳಿಯದೆ ಉಳಿಯುತ್ತದೆ.

ಮೊದಲು ಹೇಳಿಕೊಳ್ಳುವ ಹಂಬಲವನ್ನೇ ನೋಡೋಣ. ಬೆಲ್ಜಿಯಂನ ಲೂವೆನ್ ವಿಶ್ವವಿದ್ಯಾಲಯದ ಬರ್ನಾರ್ಡ್ ರಿಮೆ ಮತ್ತು ಅವರ ಸಂಗಡಿಗರು 1990ರ ದಶಕದ ಆರಂಭದಿಂದ ಜನರನ್ನು ಕೇಳುತ್ತ ಬಂದ ಪ್ರಶ್ನೆ ಸರಳವಾದದ್ದು: ಈಚೆಗೆ ನಿಮ್ಮ ಮನಸ್ಸನ್ನು ಅಲುಗಾಡಿಸಿದ ಘಟನೆಯನ್ನು ಯಾರಿಗಾದರೂ ಹೇಳಿದಿರಾ, ಯಾವಾಗ ಹೇಳಿದಿರಿ? ಹತ್ತರಲ್ಲಿ ಎಂಟಕ್ಕೂ ಹೆಚ್ಚು ಘಟನೆಗಳನ್ನು ಜನ ಯಾರಿಗಾದರೂ ಹೇಳಿಯೇ ಹೇಳಿದ್ದರು, ಬಹುಪಾಲು ಅದೇ ದಿನ ಹೇಳಿದ್ದರು. ಹೇಳದೆ ಉಳಿಸಿಕೊಂಡದ್ದು ಸ್ವಲ್ಪವೇ. ಆ ಸ್ವಲ್ಪದಲ್ಲಿ ನಾಚಿಕೆ ಮತ್ತು ತಪ್ಪಿತಸ್ಥ ಭಾವ ಬೆರೆತ ಸಂಗತಿಗಳು ಹೆಚ್ಚು ಎಂಬುದು ಈ ಸಂಶೋಧನೆಯಲ್ಲಿ ಕಂಡ ಮುಖ್ಯ ಮಾತು. ಹಾಸ್ಟೆಲಿನ ಮಕ್ಕಳ ಮಟ್ಟಿಗೆ ಇದನ್ನು ಮರೆಯಬಾರದು. ಜ್ವರ ಬಂದರೆ ಮನೆಗೆ ಹೇಳುತ್ತಾರೆ, ಮೆಸ್ಸಿನ ಸಾರು ನೀರಾಗಿದ್ದರೆ ಹೇಳುತ್ತಾರೆ, ರೂಮ್‌ಮೇಟಿನ ಜೊತೆ ಜಗಳವಾದರೂ ಹೇಳುತ್ತಾರೆ. ಹೊಲ ಒತ್ತೆಯಿಟ್ಟು ಫೀ ಕಟ್ಟಿದ ಅಪ್ಪನಿಗೆ ಇಂಟರ್ನಲ್ಸ್‌ನಲ್ಲಿ ಅಂಕ ಬಂದಿಲ್ಲವೆಂದು ಹೇಳುವುದು ಬೇರೆಯೇ ಮಾತು. ಅಲ್ಲಿ ಚಿಂತೆಗೆ ನಾಚಿಕೆ ಅಂಟಿಕೊಂಡಿರುತ್ತದೆ. ಹಾಗಾಗಿ ಪ್ರತಿದಿನ ಮನೆಗೆ ಫೋನು ಮಾಡುವ ಮಗು ತನ್ನ ನಿಜವಾದ ಚಿಂತೆಯನ್ನು ತಿಂಗಳುಗಟ್ಟಲೆ ಬಾಯಿಬಿಡದೆ ಇರಬಹುದು. ಕರೆಗಳ ಸಂಖ್ಯೆ ನೋಡಿ ಮಗು ಎಲ್ಲವನ್ನೂ ಹಂಚಿಕೊಳ್ಳುತ್ತಿದೆ ಎಂದು ತಿಳಿಯುವುದು ತಪ್ಪು.

ಇನ್ನು ಹೇಳಿಕೊಂಡವರಿಗೆ ನಿಜವಾಗಿ ಏನಾಗುತ್ತದೆ? ಇಲ್ಲಿಯೇ ನಮ್ಮ ನಂಬಿಕೆಗೆ ಮೊದಲ ಪೆಟ್ಟು ಬೀಳುತ್ತದೆ. ಇಮ್ಯಾನುಯೆಲ್ ಜೆಕ್ ಮತ್ತು ರಿಮೆ 2005ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವರು ತಮ್ಮ ಬಾಳಿನ ಕಹಿ ಅನುಭವವೊಂದನ್ನು ಭಾವನೆ ತುಂಬಿ ವಿವರಿಸಿದರು. ಉಳಿದವರು ಅದೇ ಘಟನೆಯ ಬರಿಯ ವಿವರವನ್ನು ಹೇಳಿದರು, ಅಥವಾ ಸಂಬಂಧವೇ ಇಲ್ಲದ ವಿಷಯ ಮಾತಾಡಿದರು. ಭಾವನೆ ತೋಡಿಕೊಂಡವರು ನಮಗೆ ಒಳ್ಳೆಯದಾಯಿತು, ಅರ್ಥಪೂರ್ಣವಾಗಿತ್ತು ಎಂದು ಹೇಳಿದರು. ಆದರೆ ಆ ಘಟನೆಯನ್ನು ನೆನೆದಾಗ ಆಗುವ ನೋವು ಎಷ್ಟೆಂದು ಅಳೆದಾಗ ಅವರಿಗೂ ಉಳಿದವರಿಗೂ ವ್ಯತ್ಯಾಸ ಕಾಣಲಿಲ್ಲ. ಒಳ್ಳೆಯದಾಯಿತು ಎನ್ನಿಸುವುದು ಒಂದು, ನೋವು ಇಳಿಯುವುದು ಇನ್ನೊಂದು. ಬರೆಯುವುದರ ಬಗ್ಗೆಯೂ ಇಂಥದೇ ಚಿತ್ರವಿದೆ. ಅಮೆರಿಕದ ಜೇಮ್ಸ್ ಪೆನ್‌ಬೇಕರ್ ಮತ್ತು ಸ್ಯಾಂಡ್ರಾ ಬೀಲ್ 1986ರಲ್ಲಿ ಪ್ರಕಟಿಸಿದ ಹೆಸರಾಂತ ಅಧ್ಯಯನದಲ್ಲಿ 46 ಕಾಲೇಜು ವಿದ್ಯಾರ್ಥಿಗಳು ಸತತ ನಾಲ್ಕು ದಿನ, ದಿನಕ್ಕೆ 15 ನಿಮಿಷ ಬರೆದರು. ತಮ್ಮ ಜೀವನದ ಆಘಾತವನ್ನು ಘಟನೆ ಮತ್ತು ಭಾವನೆ ಎರಡನ್ನೂ ಸೇರಿಸಿ ಬರೆದವರು ಮುಂದಿನ ಆರು ತಿಂಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದರು. ಬರೆದ ಕೂಡಲೇ ಮಾತ್ರ ಅವರ ಮನಸ್ಸು ಇನ್ನಷ್ಟು ಕುಗ್ಗಿತ್ತು. ಮುಂದೆ ಇಂಥ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಪ್ರಯೋಜನ ಇದೆ, ಆದರೆ ಸಣ್ಣದು ಎಂದು ತಿಳಿಯಿತು. ಒಳಗಿರುವುದನ್ನು ಹೊರಹಾಕಿದರೆ ಸಾಕು, ತಾನಾಗಿ ಖಾಲಿಯಾಗುತ್ತದೆ ಎಂಬ ತಿಳಿವಳಿಕೆಯನ್ನು ಈ ಪುರಾವೆಗಳು ಒಪ್ಪುವುದಿಲ್ಲ.

ಹಾಗಾದರೆ ಮನೆಗೆ ಫೋನು ಮಾಡಿದ ಹುಡುಗಿಗೆ ಆದ ಸಮಾಧಾನ ಬರಿಯ ಭ್ರಮೆಯೇ? ಅಲ್ಲ. ಇದಕ್ಕೆ ನನಗೆ ಬಹಳ ಮುಖ್ಯವೆನಿಸುವ ಸಾಕ್ಷಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ್ದು. ಲೆಸ್ಲಿ ಸೆಲ್ಟ್ಜರ್ ಮತ್ತು ಸೇತ್ ಪೊಲಾಕ್ ಅವರ ತಂಡ 2010ರಲ್ಲಿ 7ರಿಂದ 12 ವರ್ಷದ 61 ಹುಡುಗಿಯರನ್ನು ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿತು, ಲೆಕ್ಕ ಹೇಳಿಸಿತು. ಯಾರ ಎದೆಯಾದರೂ ಹೊಡೆದುಕೊಳ್ಳುವ ಕೆಲಸವಿದು. ಆಮೇಲೆ ಒಂದು ಗುಂಪಿನ ಮಕ್ಕಳ ಬಳಿ ತಾಯಿಯೇ ಬಂದು ಅಪ್ಪಿ ಸಮಾಧಾನ ಹೇಳಿದಳು. ಎರಡನೆಯ ಗುಂಪು ತಾಯಿಯೊಡನೆ ಫೋನಿನಲ್ಲಿ ಮಾತಾಡಿತು. ಮೂರನೆಯದು ಮನಸ್ಸನ್ನು ಕದಡದ ಚಲನಚಿತ್ರ ನೋಡಿತು. ಒತ್ತಡದಲ್ಲಿ ಏರುವ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ಮಕ್ಕಳ ಜೊಲ್ಲಿನಲ್ಲಿಯೂ, ಆಪ್ತತೆಯ ಜೊತೆ ತಳಕು ಹಾಕಿಕೊಂಡ ಆಕ್ಸಿಟೋಸಿನನ್ನು ಮೂತ್ರದಲ್ಲಿಯೂ ಅಳೆದರು. ತಾಯಿಯನ್ನು ಮುಟ್ಟಿದ ಮಕ್ಕಳಲ್ಲಿ ಆದಂತೆಯೇ ತಾಯಿಯ ದನಿ ಮಾತ್ರ ಕೇಳಿದವರಲ್ಲಿಯೂ ಆಕ್ಸಿಟೋಸಿನ್ ಏರಿತು, ಕಾರ್ಟಿಸಾಲ್ ಬೇಗ ಇಳಿಯಿತು. ಚಿತ್ರ ನೋಡಿದವರಲ್ಲಿ ಹೀಗಾಗಲಿಲ್ಲ. ಎರಡು ವರ್ಷಗಳ ನಂತರ ಅದೇ ತಂಡ ತಾಯಿ ಮಗಳು ಕಂಪ್ಯೂಟರಿನಲ್ಲಿ ಸಂದೇಶ ಟೈಪು ಮಾಡಿ ಮಾತಾಡುವಂತೆ ಮಾಡಿದಾಗ ಹಾರ್ಮೋನಿನ ಮಟ್ಟ ತಾಯಿಯ ಸಂಪರ್ಕವೇ ಇಲ್ಲದ ಮಕ್ಕಳದ್ದರಂತೆಯೇ ಇತ್ತು. ಇಲ್ಲಿ ಎಚ್ಚರವೂ ಬೇಕು. ಪ್ರಯೋಗ ಸಣ್ಣದು, ಮಕ್ಕಳು ಚಿಕ್ಕವರು, ಹುಡುಗರು ಅದರಲ್ಲಿ ಇಲ್ಲವೇ ಇಲ್ಲ. ಹದಿನೆಂಟರ ಯುವಕನಿಗೆ ಇದನ್ನು ಹಾಗೆಯೇ ಹೊಂದಿಸಲಾಗದು. ಆದರೂ ವಾಟ್ಸಾಪಿನಲ್ಲಿ 'ಊಟ ಆಯ್ತಾ' 'ಹೂಂ' ಎಂಬಷ್ಟರಲ್ಲಿ ಮುಗಿಯುವ ದಿನಗಳು ಮಗುವಿಗೆ ಏನನ್ನೂ ತಲುಪಿಸದೆ ಹೋಗಬಹುದು, ದನಿ ತಲುಪಿಸಬಹುದು ಎಂದು ಅನುಮಾನಿಸಲು ಇದು ಸಾಕಷ್ಟು ಕಾರಣ ಕೊಡುತ್ತದೆ. ಈ ಮಕ್ಕಳು ಫೋನಿನಲ್ಲಿ ತಮ್ಮ ಸಮಸ್ಯೆಯನ್ನು ಬಗೆಹರಿಸಿಕೊಳ್ಳಲಿಲ್ಲ ಎಂಬುದನ್ನೂ ಗಮನಿಸಬೇಕು. ಭಾಷಣ, ಲೆಕ್ಕ ಆಗಲೇ ಮುಗಿದಿದ್ದವು. ದೇಹ ತಣ್ಣಗಾದದ್ದು ಆ ದನಿಯ ಸಾಮೀಪ್ಯದಿಂದ.

ಸಾಮೀಪ್ಯ ಒಂದು ಅರ್ಧ. ಉಳಿದ ಅರ್ಧವನ್ನು ಫ್ರೆಡೆರಿಕ್ ನಿಲ್ಸ್ ಮತ್ತು ರಿಮೆ 2012ರಲ್ಲಿ ಬಿಡಿಸಿ ತೋರಿಸಿದರು. ಮನಸ್ಸು ಕಲಕುವ ಚಿತ್ರವೊಂದನ್ನು ನೋಡಿದವರು ಅದರ ಬಗ್ಗೆ ಇನ್ನೊಬ್ಬರ ಹತ್ತಿರ ಹೇಳಿಕೊಂಡರು. ಕೇಳುವವರು ಹೇಗೆ ಉತ್ತರಿಸಬೇಕೆಂದು ಮೊದಲೇ ಗೊತ್ತುಮಾಡಲಾಗಿತ್ತು. ಕೆಲವರು ಮರುಕ ತೋರಿ, ನಿಮಗೆ ಹಾಗನ್ನಿಸಿದ್ದು ಸಹಜವೇ ಎಂದರು. ಇನ್ನು ಕೆಲವರು ಘಟನೆಯನ್ನು ಬೇರೆ ಮಗ್ಗುಲಿನಿಂದ ನೋಡುವಂತೆ ಮಾತನ್ನು ನಡೆಸಿದರು. ಮರುಕ ಸಿಕ್ಕವರಿಗೆ ಒಂಟಿತನ ಕಡಿಮೆಯಾಯಿತು, ಕೇಳಿದವರು ಆಪ್ತರೆನಿಸಿದರು, ಆದರೆ ಚಿತ್ರದ ಕಹಿ ಹಾಗೆಯೇ ಉಳಿಯಿತು. ಕಹಿ ಇಳಿದದ್ದು ಬೇರೆ ಮಗ್ಗುಲು ಕಂಡವರಿಗೆ. ಜೆಕ್ ಮತ್ತು ರಿಮೆಯ ಒಗಟು ಇಲ್ಲಿ ಬಿಡಿಸಿಕೊಳ್ಳುತ್ತದೆ. ಹೇಳಿಕೊಂಡು ಹಗುರವಾಯಿತು ಎನ್ನುವವರು ಸುಳ್ಳು ಹೇಳುತ್ತಿಲ್ಲ. ತಾವು ಒಬ್ಬರೇ ಅಲ್ಲ ಎಂಬ ಸಮಾಧಾನ ಅವರಿಗೆ ಸಿಕ್ಕಿದೆ. ಚಿಂತೆ ಬೆಳಗಾಗುವಷ್ಟರಲ್ಲಿ ಮತ್ತೆ ಬಂದು ಕೂರುತ್ತದೋ ಇಲ್ಲವೋ ಎಂಬುದು ಎರಡನೆಯ ಕೆಲಸ ನಡೆಯಿತೇ ಎಂಬುದನ್ನು ಅವಲಂಬಿಸಿದೆ. ಮತ್ತು ಈ ಎರಡಕ್ಕೂ ಒಂದು ಕ್ರಮವಿದೆ ಎಂದು ನಾನು ಒತ್ತಿ ಹೇಳುತ್ತೇನೆ. ಜೊತೆಗಿದ್ದೇನೆ ಎಂಬುದು ಮನದಟ್ಟಾಗುವ ಮೊದಲೇ ಕೊಟ್ಟ ಬುದ್ಧಿಮಾತು ಗದರಿಕೆಯಂತೆ ಕೇಳುತ್ತದೆ.

ಇದು ನಿಜವಾದ ಕರೆಯೊಂದರಲ್ಲಿ ಹೇಗಿರುತ್ತದೆ ಎಂದು ಕಲ್ಪಿಸಿಕೊಂಡು ನೋಡೋಣ. ಗದಗ ಕಡೆಯ ಹಳ್ಳಿಯ ಹುಡುಗಿ, ಹತ್ತನೆಯವರೆಗೆ ಕನ್ನಡ ಮಾಧ್ಯಮ, ಈಗ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷ. ಮೊದಲ ಇಂಟರ್ನಲ್ಸ್‌ನ ಗಣಿತದಲ್ಲಿ 25ಕ್ಕೆ 7 ಬಂದಿದೆ. ಫೋನು ಮಾಡಿದವಳು ಅದನ್ನು ಹೇಳುವುದಿಲ್ಲ. 'ಅವ್ವಾ, ಇಲ್ಲಿ ಊಟ ಏನೂ ಚಲೋ ಇಲ್ಲ' ಎಂದು ಶುರುಮಾಡುತ್ತಾಳೆ. ನಾಚಿಕೆ ಮುಂದೆ ಕಳಿಸುವ ಮಾತು ಹೀಗೆಯೇ ಇರುತ್ತದೆ. ತಾಯಿ ಇದಕ್ಕೆ 'ಹೊಂದ್ಕೊಂಡು ಹೋಗಬೇಕವ್ವಾ, ಎಲ್ಲಾರೂ ಉಣ್ಣಂಗಿಲ್ಲೇನ' ಎಂದರೆ ಬಾಗಿಲು ಅಲ್ಲಿಗೇ ಮುಚ್ಚುತ್ತದೆ. ಹಾಗೆನ್ನದೆ 'ಊಟದ್ದು ಅಷ್ಟೇನು? ದನಿ ಯಾಕೋ ಬ್ಯಾರೇನ ಐತಿ' ಎಂದು ಕೇಳಿ ಸುಮ್ಮನಾದರೆ ಸ್ವಲ್ಪ ಹೊತ್ತಿನಲ್ಲಿ ನಿಜ ಹೊರಬೀಳುತ್ತದೆ. ಆಗ ತಾಯಿಯ ಮುಂದೆ ಮೂರು ದಾರಿಗಳಿವೆ. 'ಏಳ ಬಂದಾವ? ನಿಮ್ಮಪ್ಪಗ ಏನ್ ಹೇಳಲಿ?' ಎಂಬುದು ಒಂದು. ಮಗಳು ಮುಂದಿನ ಸಲ ಅಂಕ ಹೇಳುವುದಿಲ್ಲ. ಎರಡನೆಯದು ತಾನೂ ಅಳುತ್ತ 'ಸಾಕು, ಬಂದುಬಿಡು' ಎನ್ನುವುದು. ಮೂರನೆಯದು ಹೀಗೆ: 'ಭಾಳ ಮನಸಿಗೆ ಹಚ್ಕೊಂಡಿ. ಎಷ್ಟು ದಿನದಿಂದ ಒಬ್ಬಾಕೀನ ಇಟ್ಕೊಂಡಿದ್ದಿ ಇದನ್ನ?' ಮಗಳು ಅತ್ತು ಸುಧಾರಿಸಿಕೊಳ್ಳುವ ತನಕ ಆಕೆ ಬೇರೇನನ್ನೂ ಹೇಳುವುದಿಲ್ಲ. ಆಮೇಲೆ, 'ಬ್ಯಾರೇರಿಗೆ ಎಷ್ಟು ಬಂದಾವ?' ಬಹಳ ಜನರಿಗೆ ಹತ್ತರೊಳಗೆ ಎಂದು ಮಗಳು ಹೇಳುತ್ತಾಳೆ. 'ಹಂಗಾರ ಪೇಪರ ಬಿಗಿ ಇತ್ತು. ನಿನಗ ತಿಳೀದಿದ್ದು ಲೆಕ್ಕಾನೋ, ಅವರ ಇಂಗ್ಲಿಷೋ?' ಈ ಪ್ರಶ್ನೆಗೆ ಉತ್ತರ ಹುಡುಕುವಾಗಲೇ 'ನನ್ನಿಂದ ಆಗುವುದಿಲ್ಲ' ಎಂಬ ದೊಡ್ಡ ಭಯ 'ಪಾಠ ಓಡುವ ವೇಗಕ್ಕೆ ನೋಟ್ಸ್ ಬರೆದುಕೊಳ್ಳಲಾಗುತ್ತಿಲ್ಲ' ಎಂಬ ಸಣ್ಣ ತೊಂದರೆಯಾಗುತ್ತದೆ. ಅದಕ್ಕೆ ನಾಳೆ ಮಾಡಬಹುದಾದ ಒಂದು ಕೆಲಸವಿದೆ: ಸೀನಿಯರ್ ಒಬ್ಬರ ನೋಟ್ಸ್ ಕೇಳುವುದು, ಇಲ್ಲವೇ ತರಗತಿ ಮುಗಿದ ಮೇಲೆ ಮೇಷ್ಟ್ರ ಬಳಿ ಹೋಗುವುದು.

ಈ ತಾಯಿ ಎಂಜಿನಿಯರಿಂಗ್ ಗಣಿತದ ಒಂದು ಸಾಲನ್ನೂ ಓದಿರಬೇಕಾಗಿಲ್ಲ. ನಮ್ಮ ಮಕ್ಕಳ ಚಿಂತೆ ನಮಗೇನು ತಿಳಿಯುತ್ತದೆ ಎಂದು ಹಿಂಜರಿಯುವ ಹಳ್ಳಿಯ ತಂದೆತಾಯಿಗಳಿಗೆ ಇದನ್ನು ಯಾರಾದರೂ ಬಿಡಿಸಿ ಹೇಳಬೇಕಾಗಿದೆ. ಉತ್ತರ ಗೊತ್ತಿರುವುದು ಮುಖ್ಯವಲ್ಲ. ಮೊದಲು ತಾಳ್ಮೆಯಿಂದ ಕೇಳಿ, ಆಮೇಲೆ ಚಿಂತೆಯನ್ನು ಬಿಡಿಬಿಡಿಯಾಗಿ ನೋಡಿಸುವ ಒಂದೆರಡು ಪ್ರಶ್ನೆ ಹಾಕಿದರೆ ಸಾಕು. ಇನ್ನು 'ಬಂದುಬಿಡು' ಎಂಬ ಮಾತಿನ ಬಗ್ಗೆ. ಬೇಸಿಗೆ ಶಿಬಿರಗಳಿಗೆ ಬಂದ ನೂರಾರು ಹುಡುಗರಲ್ಲಿ ಮನೆಯ ಹಂಬಲವನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಥರ್ಬರ್, ಬೇಸರವಾದರೆ ಬಂದು ಕರೆದುಕೊಂಡು ಹೋಗುತ್ತೇವೆ ಎಂದು ಮೊದಲೇ ಮಾತು ಕೊಡಬೇಡಿ ಎಂದು ಹೆತ್ತವರನ್ನು ಎಚ್ಚರಿಸುತ್ತಾರೆ. ಆ ಮಾತು ಪ್ರೀತಿಯಿಂದಲೇ ಬಂದರೂ, ನೀನು ಅಲ್ಲಿ ನಿಲ್ಲಲಾರೆ ಎಂಬ ಸಂದೇಹವನ್ನು ಮಗುವಿಗೆ ದಾಟಿಸುತ್ತದೆ. ಹಿಂಸೆ, ರ್‍ಯಾಗಿಂಗು, ಆರೋಗ್ಯದ ಅಪಾಯ ಇದ್ದಾಗಿನ ಮಾತು ಬೇರೆ. ಅಲ್ಲಿ 'ಬಂದುಬಿಡು' ಎನ್ನುವುದೇ ಸರಿ, ಕೂಡಲೇ ಹೋಗಿ ಕರೆತರುವುದು ಇನ್ನೂ ಸರಿ.

ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು, ಮಾತಾಡಿದಷ್ಟೂ ಚಿಂತೆ ಬೆಳೆಯುತ್ತದೆ ಎಂಬುದು. ಇದು ಅಜ್ಜಿಯರ ಅನುಭವದ ಮಾತಷ್ಟೇ ಅಲ್ಲ, ಪುರಾವೆಯೂ ಇದೆ. ಮಿಸೌರಿ ವಿಶ್ವವಿದ್ಯಾಲಯದ ಅಮಾಂಡಾ ರೋಸ್ 2002ರಿಂದ ಅಧ್ಯಯನ ಮಾಡಿದ್ದು ಗೆಳತಿಯರು ಒಂದೇ ಸಮಸ್ಯೆಯನ್ನು ಮತ್ತೆ ಮತ್ತೆ ಎತ್ತಿ, ಅದರ ಕೇಡುಗಳನ್ನೇ ಊಹಿಸುತ್ತ ಮಾತಾಡುವ ಬಗೆಯನ್ನು. 2007ರ ಅಧ್ಯಯನದಲ್ಲಿ ಆರು ತಿಂಗಳ ಅಂತರದಲ್ಲಿ ನೋಡಿದಾಗ ಇಂಥ ಹುಡುಗಿಯರ ಗೆಳೆತನ ಗಟ್ಟಿಯಾಗಿತ್ತು, ಆದರೆ ಖಿನ್ನತೆ ಮತ್ತು ಆತಂಕದ ಲಕ್ಷಣಗಳೂ ಹೆಚ್ಚಿದ್ದವು. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ, ಆದರೆ ಅದು ಕರೆಯನ್ನು ನಿಲ್ಲಿಸಲು ಕಾರಣವಾಗದು. ರೋಸ್ ಕಂಡದ್ದು ಆಪ್ತತೆ ಇದ್ದು ಬೇರೆ ಮಗ್ಗುಲು ಇಲ್ಲದ ಮಾತನ್ನು, ಅಂದರೆ ಮೊದಲ ಅರ್ಧದಲ್ಲಿಯೇ ಸುತ್ತುವ ಮಾತನ್ನು. ಇದನ್ನು ಗುರುತಿಸುವುದು ಕಷ್ಟವಲ್ಲ. ಕರೆ ಮುಗಿದಾಗ ನಾಳೆ ಏನು ಮಾಡುವುದು ಎಂಬುದರ ಬಗ್ಗೆ ಏನಾದರೂ ಗೊತ್ತಾಗಿದೆಯೇ, ಇಲ್ಲವೇ ನಿನ್ನೆಯ ಮಾತೇ ಇವತ್ತೂ ಅದೇ ಪದಗಳಲ್ಲಿ ಬಂತೇ? ಒಂದು ವಾರ ಅದೇ ಮಾತು ಬರುತ್ತಿದ್ದರೆ ಹೇಳಿಕೊಳ್ಳುವುದು ಚಿಂತೆಯನ್ನು ಇಳಿಸುತ್ತಿಲ್ಲ, ಮೇಯಿಸುತ್ತಿದೆ ಎಂದು ತಿಳಿಯಬೇಕು.

ಇನ್ನೊಂದು ಆಕ್ಷೇಪ ನಮ್ಮ ಸಮಾಜದ ಒಳಗಿನಿಂದಲೇ ಬರುತ್ತದೆ. ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳುವುದು ಪಶ್ಚಿಮದವರ ರೀತಿ, ನಮ್ಮಲ್ಲಿ ಮಕ್ಕಳು ಹೆತ್ತವರಿಗೆ ನೋವು ಕೊಡಬಾರದೆಂದು ನುಂಗಿಕೊಳ್ಳುತ್ತಾರೆ, ಅದೂ ಪ್ರೀತಿಯೇ ಎನ್ನುತ್ತಾರೆ. ಇದಕ್ಕೂ ಆಧಾರವಿದೆ. ಶೆಲ್ಲಿ ಟೇಲರ್, ಹೀಜಂಗ್ ಕಿಮ್ ಮೊದಲಾದವರು 2007ರಲ್ಲಿ ಅಮೆರಿಕದಲ್ಲಿದ್ದ ಏಷ್ಯಾ ಮೂಲದ ಮತ್ತು ಯುರೋಪ್ ಮೂಲದ ವಿದ್ಯಾರ್ಥಿಗಳನ್ನು ಹೋಲಿಸಿ ನೋಡಿದರು. ಒತ್ತಡದ ಕೆಲಸವೊಂದರ ನಡುವೆ ಆಪ್ತರಿಂದ ನೇರವಾಗಿ ಸಹಾಯ ಕೇಳಿ ಬರೆಯುವುದಕ್ಕಿಂತ, ಕಷ್ಟದ ಸುದ್ದಿ ಎತ್ತದೆ ತನ್ನವರನ್ನು ನೆನೆಯುವುದೇ ಏಷ್ಯಾ ಮೂಲದವರಿಗೆ ಹೆಚ್ಚು ಹಿತವಾಯಿತು. ಯುರೋಪ್ ಮೂಲದವರಲ್ಲಿ ಇದು ತಿರುಗುಮುರುಗು. ಗದಗದ ಹುಡುಗಿಗೂ ಆ ವಿದ್ಯಾರ್ಥಿಗಳಿಗೂ ಅಂತರ ಬಹಳವಿದೆ, ಆದರೂ ಈ ಫಲಿತಾಂಶ ಪರಿಚಿತವೆನಿಸುತ್ತದೆ. ಮನೆಯ ಎಮ್ಮೆ ಕರು ಹಾಕಿದ ಸುದ್ದಿ, ಮಳೆಯ ಸುದ್ದಿ, ತಮ್ಮನ ತಂಟೆ ಕೇಳಿ ಫೋನಿಟ್ಟ ಹುಡುಗ ತನ್ನ ಚಿಂತೆಯನ್ನು ಒಂದು ಮಾತೂ ಎತ್ತದೆ ಹಗುರಾಗಬಲ್ಲ. ಆದ್ದರಿಂದ ಪ್ರತಿ ಕರೆಯಲ್ಲಿಯೂ ಮಗುವಿನಿಂದ ಒಳಗಿನ ಮಾತು ಹೊರಡಿಸಲೇಬೇಕೆಂಬ ಹಟ ಬೇಡ. ಆದರೆ ನುಂಗಿಕೊಳ್ಳುವುದಕ್ಕೂ ಒಂದು ಮಿತಿಯಿದೆ. ಊರಿನ ಸುದ್ದಿ ದಿನದ ಬೇಸರವನ್ನು ಕಳೆಯುತ್ತದೆ, ಫೇಲಾಗುವ ಭಯವನ್ನು ಬಿಡಿಸಿಕೊಡುವುದಿಲ್ಲ. ಹೆತ್ತವರಿಗೆ ನೋವಾಗುತ್ತದೆ ಎಂಬ ಮಕ್ಕಳ ಅಳುಕೂ ಸುಳ್ಳಲ್ಲ. ಮಕ್ಕಳ ಕಷ್ಟಕ್ಕೆ ಹೆಚ್ಚು ಮಿಡಿಯುವ ಹೆತ್ತವರ ದೇಹದಲ್ಲಿ ಉರಿಯೂತದ ಸೂಚಕಗಳು ಹೆಚ್ಚಿರುವುದನ್ನು ಎರಿಕಾ ಮ್ಯಾನ್‌ಜಾಕ್ ಮತ್ತು ಸಂಗಡಿಗರು 2016ರಲ್ಲಿ ವರದಿ ಮಾಡಿದರು. ಅದೇ ಹೆತ್ತವರಿಗೆ ತಮ್ಮ ಬಗ್ಗೆ ಗೌರವವೂ ಬದುಕಿಗೊಂದು ಅರ್ಥವೂ ಹೆಚ್ಚಾಗಿ ಅನಿಸುತ್ತಿತ್ತು. ಮಗುವಿನ ಚಿಂತೆ ಹಂಚಿಕೊಂಡಾಗ ಹೆತ್ತವರ ಮೇಲೆ ಭಾರ ಬೀಳುವುದು ನಿಜ. ಅದಕ್ಕಾಗಿಯೇ ಆ ಭಾರವೆಲ್ಲ ಒಬ್ಬ ತಾಯಿಯ ಮೇಲೆಯೇ ಬೀಳದೆ ಅಪ್ಪ, ಅಣ್ಣ, ಸೋದರತ್ತೆ, ಹಾಸ್ಟೆಲಿನ ಸೀನಿಯರ್ ಹೀಗೆ ಕೆಲವರಲ್ಲಿ ಹರಡಿಕೊಳ್ಳಬೇಕು.

ಮನೆಯ ಕರೆ ಚಿಕಿತ್ಸೆಯಲ್ಲ ಎಂಬುದನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಎರಡು ವಾರ ಕಳೆದರೂ ನಿದ್ದೆ ಬಾರದಿರುವುದು, ಊಟ ಬಿಡುವುದು, ತರಗತಿಗೆ ಹೋಗದೆ ರೂಮಿನಲ್ಲಿಯೇ ಮಲಗಿರುವುದು, ನಾನಿಲ್ಲದಿದ್ದರೆ ನಿಮಗೇ ಒಳ್ಳೆಯದು ಎಂಬಂಥ ಮಾತು ಒಮ್ಮೆಯಾದರೂ ಬರುವುದು, ಇವು ಫೋನಿನಲ್ಲಿ ಬಗೆಹರಿಯುವ ಸಂಗತಿಗಳಲ್ಲ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ 2022ರಲ್ಲಿ ದೇಶದಲ್ಲಿ 13 ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ಆತ್ಮಹತ್ಯೆಯನ್ನು ದಾಖಲಿಸಿದೆ. ಇಂಥ ಮಾತು ಕೇಳಿದ ಹೆತ್ತವರು ವಾರ್ಡನ್‌ಗೆ ತಿಳಿಸಿ, ಮಗು ಒಂಟಿಯಾಗಿರದಂತೆ ನೋಡಿಕೊಂಡು, ವೈದ್ಯರ ಬಳಿಗೆ ಕರೆದೊಯ್ಯಬೇಕು.

ಉಳಿದಿರುವುದು ವಸತಿ ಕಾಲೇಜುಗಳವರಿಗೆ ಒಂದು ವಿನಂತಿ. ಅನೇಕ ವಸತಿ ಪಿಯು ಕಾಲೇಜುಗಳಲ್ಲಿ ಮೊಬೈಲಿಗೆ ಅವಕಾಶವಿಲ್ಲ, ಮನೆಗೆ ಮಾತಾಡಲು ವಾರಕ್ಕೊಂದು ದಿನ, ಕೆಲವು ನಿಮಿಷ, ಅದೂ ಹಿಂದೆ ಸಾಲು ನಿಂತಿರುವಾಗ. ಮೊದಲ ದಿನಗಳಲ್ಲಿ ಅಡಿಗಡಿಗೆ ಕರೆ ಮಾಡಿದರೆ ಮನೆಯ ಹಂಬಲ ಕೆರಳುತ್ತದೆ ಎಂಬ ಅವರ ಅನುಭವವನ್ನು ಅಲ್ಲಗಳೆಯಬೇಕಾಗಿಲ್ಲ, ಮೊಬೈಲನ್ನು ದಿನವಿಡೀ ಕೈಗೆ ಕೊಡಿ ಎಂದೂ ನಾನು ಹೇಳುತ್ತಿಲ್ಲ. ಆದರೆ ನಾಚಿಕೆಯಲ್ಲಿ ಸುತ್ತಿದ ಚಿಂತೆ ಐದು ನಿಮಿಷದಲ್ಲಿ, ಇನ್ನೊಬ್ಬರ ಕಿವಿಗೆ ಬೀಳುವಂತೆ, ಹೊರಬರುವುದಿಲ್ಲ. ಆ ಹೊತ್ತಿನಲ್ಲಿ ಊಟದ ಮಾತಷ್ಟೇ ಮುಗಿಯುತ್ತದೆ. ಪರೀಕ್ಷೆಯ ಫಲಿತಾಂಶ ಹಚ್ಚಿದ ಸಂಜೆ ಪ್ರತಿ ಮಗುವಿಗೂ ಕಾಲು ಗಂಟೆ, ಬಾಗಿಲು ಹಾಕಿಕೊಂಡು ಮನೆಗೆ ಮಾತಾಡುವ ಏರ್ಪಾಡು ಮಾಡಿ. ಶಿಸ್ತಿನ ಶಿಕ್ಷೆಯೆಂದು ಮನೆಯ ಕರೆಯನ್ನು ಕಿತ್ತುಕೊಳ್ಳುವ ಪದ್ಧತಿ ಎಲ್ಲಿದೆಯೋ ಅಲ್ಲಿ ಅದನ್ನು ನಿಲ್ಲಿಸಿ. ಫೋನಿರುವ ಗೋಡೆಯ ಮೇಲೆ 14416 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆಸಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕರೆ ಉಚಿತ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲಿಯೇ ಮಾತಾಡಬಹುದು.